ಮಲಗಿದ್ದರೂ ಇಳಿಯದ ನಾಡಿ

ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನ ಹತ್ತುವ ಅಮ್ಮಂದಿರ ಕೈಯಲ್ಲಿ ಈಗ ಬಳೆಯ ಪಕ್ಕಕ್ಕೆ ಒಂದು ಸ್ಮಾರ್ಟ್ ವಾಚ್ ಕೂಡ ಬಂದು ಕೂತಿದೆ. ಹೆಚ್ಚಾಗಿ ಅಳಿಯನೋ ಮಗಳೋ ಕೊಡಿಸಿದ್ದು. ಊರಲ್ಲಿರುವಾಗ ಅದರ ಕಡೆ ಯಾರೂ ಅಷ್ಟಾಗಿ ನೋಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ ಮಾರನೆಯ ಬೆಳಿಗ್ಗೆ ಮಾತ್ರ ಅದು ಮನೆಮಂದಿಯ ಗಮನ ಸೆಳೆಯುತ್ತದೆ. ಬೆಂಗಳೂರಿನಲ್ಲಿ ವಿಶ್ರಾಂತಿಯ ನಾಡಿ ನಿಮಿಷಕ್ಕೆ 64 ಎಂದು ತೋರಿಸುತ್ತಿದ್ದ ವಾಚು ಇಲ್ಲಿ 75 ಎನ್ನುತ್ತದೆ. ಎರಡನೆಯ ದಿನ 74, ಮೂರನೆಯ ದಿನ 72. "ಅಮ್ಮಾ, ಹಾರ್ಟ್ ಏನಾದ್ರೂ ಸುಸ್ತಾಗಿದೆಯಾ?" ಎಂದು ಮಗಳಿಗೆ ಗಾಬರಿ. "ನಂಗೇನೂ ಆಗಿಲ್ಲ ಕಣೇ, ನಿದ್ದೆ ಬರ್ತಿಲ್ಲ ಅಷ್ಟೇ" ಎಂದು ಅಮ್ಮನ ಉತ್ತರ.

ಉತ್ತರ ಬಹುಮಟ್ಟಿಗೆ ಅಮ್ಮನ ಮಾತಿನಲ್ಲೇ ಇದೆ. ಆದರೆ ನಿದ್ದೆ ಕೆಟ್ಟರೆ ನಾಡಿ ಏರುತ್ತದೆ ಎಂದಷ್ಟೇ ಹೇಳಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಹಾರುವಾಗ ನಾಡಿ ಏರುವುದಕ್ಕೆ ಒಂದು ಕಾರಣ, ಇಳಿದು ವಾರವಾದರೂ ಏರಿಯೇ ಇರುವುದಕ್ಕೆ ಬೇರೊಂದು ಕಾರಣ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ 'ಪ್ರಯಾಣದ ಆಯಾಸ' ಎಂದುಬಿಡುವುದರಿಂದಲೇ ಬೇಡದ ಗಾಬರಿ ಹುಟ್ಟುತ್ತದೆ. ಕೆಲವೊಮ್ಮೆ, ಅದಕ್ಕಿಂತ ಕೆಟ್ಟದಾಗಿ, ಗಾಬರಿಯಾಗಬೇಕಾದ ಕಡೆ ಸುಮ್ಮನಿರುವುದೂ ಆಗುತ್ತದೆ. ಮೇಲೆ ಹೇಳಿದ ಅಮ್ಮನಿಗೆ 58 ವರ್ಷ ಎಂದಿಟ್ಟುಕೊಂಡು, ಆಕೆಯನ್ನೇ ಉದಾಹರಣೆಯಾಗಿ ಹಿಡಿದು ನೋಡೋಣ.

ಮೊದಲು ಆ 64 ಎಲ್ಲಿಂದ ಬಂತೆಂದು ತಿಳಿಯಬೇಕು. ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಚಿಕ್ಕ ಜೀವಕೋಶಗಳ ಗುಂಪಿದೆ. ಪ್ರತಿ ಬಡಿತದ ಸಂಕೇತ ಹೊರಡುವುದು ಅಲ್ಲಿಂದ. ನರಗಳ ಹಿಡಿತವಿಲ್ಲದೆ ಅದನ್ನು ಅದರ ಪಾಡಿಗೆ ಬಿಟ್ಟರೆ ಅದು 64ರ ವೇಗದಲ್ಲಿ ಹೊಡೆದುಕೊಳ್ಳುವುದಿಲ್ಲ. ಔಷಧಿಯಿಂದ ನರಗಳ ಪ್ರಭಾವವನ್ನು ತಡೆದು ಅಳೆದವರು ಕಂಡುಕೊಂಡ ಲೆಕ್ಕದ ಪ್ರಕಾರ, 58ರ ವಯಸ್ಸಿನಲ್ಲಿ ಅದರ ಸ್ವಂತ ವೇಗ ನಿಮಿಷಕ್ಕೆ 85ರ ಆಸುಪಾಸು. ಯುವಕರಲ್ಲಿ ನೂರರ ಹತ್ತಿರ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಹೊಸ ಹೃದಯಕ್ಕೆ ನರಗಳು ಕೂಡಿಕೊಂಡಿರುವುದಿಲ್ಲವಾದ್ದರಿಂದ, ಅವರು ಸುಮ್ಮನೆ ಮಲಗಿದ್ದರೂ ನಾಡಿ 90ರಿಂದ 110ರವರೆಗೆ ಇರುತ್ತದೆ. ಅಂದರೆ 64 ಎಂಬುದು ಹೃದಯದ ಸಹಜ ವೇಗವಲ್ಲ, ಹಿಡಿದು ನಿಲ್ಲಿಸಿದ ವೇಗ. ಮಿದುಳಿನ ಬುಡದಿಂದ ಇಳಿದುಬರುವ ವೇಗಸ್ ನರ ಇಳಿಜಾರಿನಲ್ಲಿ ಸೈಕಲ್ ಬ್ರೇಕಿನ ಮೇಲಿಟ್ಟ ಬೆರಳಿನಂತೆ ಸದಾ ಹೃದಯವನ್ನು ಹಿಡಿದಿರುತ್ತದೆ. ಆಳವಾದ ನಿದ್ದೆಯಲ್ಲಿ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ವಾಚಿನಲ್ಲಿ 64 ಇದ್ದದ್ದು 75 ಆಯಿತೆಂದರೆ ಹೃದಯ ಎದ್ದುಬಿದ್ದು ಓಡುತ್ತಿದೆ ಎಂದಲ್ಲ. ಬ್ರೇಕು ಎಷ್ಟು ಬೀಳಬೇಕೋ ಅಷ್ಟು ಬಿದ್ದಿಲ್ಲ ಎಂದರ್ಥ.

ಈಗ ವಿಮಾನದೊಳಕ್ಕೆ ಬನ್ನಿ. ಹೊರಗೆ ವಿಮಾನ 35,000 ಅಡಿ ಮೇಲಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 8,000 ಅಡಿ ಎತ್ತರದಲ್ಲಿರುವುದಕ್ಕಿಂತ ಕಡಿಮೆಯಾಗದಂತೆ ಕಾಯ್ದುಕೊಳ್ಳುತ್ತಾರೆ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ವಿಮಾನಗಳಲ್ಲಿ ಇದು 6,000 ಅಡಿಯಷ್ಟಕ್ಕೆ ನಿಲ್ಲುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಹೊಸ ವಿಮಾನದಲ್ಲಿ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿ, ಹಳೆಯದರಲ್ಲಿ ಊಟಿಗಿಂತ ತುಸು ಮೇಲೆ ಕೂತು ಹದಿನಾರು ಗಂಟೆ ಕಳೆದಂತೆ. ಬೆಂಗಳೂರಿನವರು ಮೊದಲೇ 3,000 ಅಡಿ ಎತ್ತರದಲ್ಲಿ ಬದುಕುವವರು. ಮಂಗಳೂರು, ಕಾರವಾರದವರಿಗೆ ಏರಿಕೆ ಸಮುದ್ರಮಟ್ಟದಿಂದಲೇ ಶುರುವಾಗುತ್ತದೆ.

ಗಾಳಿ ತೆಳುವಾದಾಗ ರಕ್ತದಲ್ಲಿ ಆಮ್ಲಜನಕ ತಗ್ಗುತ್ತದೆ. ಕತ್ತಿನ ಎರಡೂ ಬದಿಯ ದೊಡ್ಡ ರಕ್ತನಾಳಗಳ ಕವಲಿನಲ್ಲಿರುವ ಸೂಕ್ಷ್ಮ ಅಂಗಗಳು ಅದನ್ನು ಗುರುತಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪ್ರತಿ ಬಡಿತದಲ್ಲಿ ಸಾಗುವ ಆಮ್ಲಜನಕ ಕಡಿಮೆಯಾದರೆ ಬಡಿತದ ಸಂಖ್ಯೆ ಹೆಚ್ಚಿಸಿ ಸರಿದೂಗಿಸು ಎಂದು ಆದೇಶ ಹೊರಡುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ 97 ತೋರುತ್ತಿದ್ದವರಿಗೆ ವಿಮಾನದಲ್ಲಿ 92 ಕಂಡರೆ ಅದು ರೋಗವಲ್ಲ, ಎತ್ತರ.

ಈ ಪರಿಣಾಮವನ್ನು ಬೇರೆಲ್ಲದರಿಂದ ಬಿಡಿಸಿ ತೋರಿಸಿದ ಒಂದು ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಜರ್ಮನಿಯ ಕಲೋನ್‌ನಲ್ಲಿರುವ ಅಲ್ಲಿನ ಅಂತರಿಕ್ಷಯಾನ ಸಂಸ್ಥೆಯವರು 18ರಿಂದ 40 ವರ್ಷದ ಆರೋಗ್ಯವಂತರನ್ನು ರಾತ್ರಿ ನಾಲ್ಕು ಗಂಟೆ ಮಲಗಿಸಿದರು. ಕೆಲವರು ಮಾಮೂಲಿ ಒತ್ತಡದ ಕೋಣೆಯಲ್ಲಿ, ಕೆಲವರು 8,000 ಅಡಿಗೆ ಸಮನಾದ ಒತ್ತಡದ ಕೋಣೆಯಲ್ಲಿ. ಒಂದು ರಾತ್ರಿ ಹಾಗೆಯೇ, ಇನ್ನೊಂದು ರಾತ್ರಿ ಎರಡು ಕ್ಯಾನ್ ಬಿಯರಿನಷ್ಟು ಮದ್ಯ ಕುಡಿದು. ಏನೂ ಕುಡಿಯದೆ ಮಾಮೂಲಿ ಕೋಣೆಯಲ್ಲಿ ಮಲಗಿದವರ ನಾಡಿ ಸುಮಾರು 64. ಕುಡಿಯದೆ ತೆಳುಗಾಳಿಯಲ್ಲಿ ಮಲಗಿದವರದು 73. ಕುಡಿದು ತೆಳುಗಾಳಿಯಲ್ಲಿ ಮಲಗಿದವರದು 88, ಅವರ ಆಮ್ಲಜನಕದ ಮಟ್ಟ ಶೇಕಡಾ 85ಕ್ಕೆ ಇಳಿದಿತ್ತು. ಇವರೆಲ್ಲ ಯುವಕರು, ಅದೂ ಹಾಸಿಗೆಯ ಮೇಲೆ ಮೈಚಾಚಿ ಮಲಗಿದವರು ಎಂಬುದನ್ನು ಗಮನಿಸಿ. ಊಟದ ಜೊತೆ ಪುಕ್ಕಟೆ ಸಿಗುವ ವೈನು ನಿದ್ದೆ ತರಿಸುತ್ತದೆ ಎಂದು ನಂಬಿ ಕುಡಿಯುವವರು ಈ ಕೊನೆಯ ಸಂಖ್ಯೆಯನ್ನು ಮತ್ತೊಮ್ಮೆ ಓದಬಹುದು.

ನಮ್ಮ ಅಮ್ಮ ವೈನು ಮುಟ್ಟುವವರಲ್ಲ. ಆದರೆ ಆಕೆ ಮಲಗಿಯೂ ಇಲ್ಲ, ಎಕಾನಮಿ ಸೀಟಿನಲ್ಲಿ ಕೂತೇ ಕಣ್ಣು ಮುಚ್ಚಿದ್ದಾರೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ರಕ್ತ ಕಾಲಿನಲ್ಲಿ ನಿಲ್ಲುತ್ತದೆ, ಅದರ ನೀರಿನಂಶ ಜಿನುಗಿ ಕಣಕಾಲು ಊದಿಕೊಳ್ಳುತ್ತದೆ. ಇಳಿಯುವ ಹೊತ್ತಿಗೆ ಚಪ್ಪಲಿ ಬಿಗಿಯಾಗುವುದು ಇದರಿಂದಲೇ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾದರೆ ಒಂದೊಂದು ಬಡಿತಕ್ಕೆ ಹೊರಹೋಗುವುದೂ ಕಡಿಮೆ, ಆ ಕೊರತೆಯನ್ನು ಬಡಿತದ ಸಂಖ್ಯೆಯೇ ತುಂಬಬೇಕು. ಹೀಗೆ ಹಾರುವಾಗ ನಾಡಿ ಹತ್ತು ಹನ್ನೆರಡು ಏರುವುದರಲ್ಲಿ ವಿಶೇಷವೇನೂ ಇಲ್ಲ.

ವಿಮಾನದ ಪಾಲು ಬಹುಮಟ್ಟಿಗೆ ಇಷ್ಟೇ, ಮತ್ತು ಅದು ಬೇಗ ಮುಗಿಯುತ್ತದೆ. ವಿಮಾನ ಇಳಿದು ಬಾಗಿಲು ತೆರೆಯುವ ಹೊತ್ತಿಗೆ ಒಳಗಿನ ಒತ್ತಡ ಊರಿನ ಒತ್ತಡಕ್ಕೆ ಸಮನಾಗಿ, ಆಮ್ಲಜನಕ ಮೊದಲಿನ ಮಟ್ಟಕ್ಕೆ ಬರುತ್ತದೆ. ಕಾಲಿನ ಊತ ಓಡಾಡಿ ಒಂದು ರಾತ್ರಿ ಮಲಗಿದರೆ ಇಳಿಯುತ್ತದೆ. ಹಾಗಾದರೆ ಮೂರನೆಯ ದಿನದ 72ಕ್ಕೆ ತೆಳುಗಾಳಿಯನ್ನು ದೂರುವಂತಿಲ್ಲ. ಮಂಗಳೂರಿನಿಂದ ದುಬೈಗೆ ಹೋಗಿ ಬರುವವರನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅವರೂ ಅದೇ ತೆಳುಗಾಳಿಯಲ್ಲಿ ಕೂತವರೇ, ಹೊತ್ತು ಕಡಿಮೆ ಅಷ್ಟೇ. ಆದರೆ ಅಲ್ಲಿಗೂ ಇಲ್ಲಿಗೂ ಗಡಿಯಾರದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಒಂದು ರಾತ್ರಿ ಚೆನ್ನಾಗಿ ನಿದ್ದೆಯಾದರೆ ಅವರ ನಾಡಿ ಹೆಚ್ಚುಕಡಿಮೆ ತನ್ನ ಜಾಗಕ್ಕೆ ಮರಳುತ್ತದೆ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಎರಡನೆಯ ಕಾರಣ ಇರುವುದು ಇಲ್ಲಿ.

ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಜೋಡಿ ನರಕೇಂದ್ರವಿದೆ. ದೇಹದ ಮೂಲ ಗಡಿಯಾರ ಅದೇ. ಅದು ಕಿಟಕಿಯಾಚೆ ರಾತ್ರಿಯೋ ಹಗಲೋ ಎಂದು ನೋಡಿ ಆ ಕ್ಷಣಕ್ಕೆ ಬದಲಾಗುವಂಥದ್ದಲ್ಲ, ತನ್ನದೇ ಲಯದಲ್ಲಿ ಓಡುತ್ತದೆ. ಬೆಳಕು ಅದನ್ನು ದಿನವೂ ಸ್ವಲ್ಪಸ್ವಲ್ಪ ಸರಿಪಡಿಸುತ್ತದೆ ಅಷ್ಟೇ. 1938ರಲ್ಲಿ ನಿದ್ರಾವಿಜ್ಞಾನಿ ನಥಾನಿಯಲ್ ಕ್ಲೈಟ್ಮನ್ ಮತ್ತು ಅವರ ಶಿಷ್ಯ ಬ್ರೂಸ್ ರಿಚರ್ಡ್‌ಸನ್ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಇದ್ದು, ದಿನಕ್ಕೆ 28 ಗಂಟೆಯಂತೆ ಬದುಕಿ ನೋಡಿದರು. ಸೂರ್ಯನ ಬೆಳಕೇ ಇಲ್ಲದ, ಹಗಲು ರಾತ್ರಿ ಒಂದೇ ತಂಪಿರುವ ಜಾಗ. ಕಿರಿಯನ ದೇಹ ಹೊಸ ದಿನಚರಿಗೆ ಹೊಂದಿಕೊಂಡಿತು. ನಲವತ್ತು ದಾಟಿದ್ದ ಕ್ಲೈಟ್ಮನ್‌ರ ಮೈಬಿಸಿ ಮಾತ್ರ ಗುಹೆಯೊಳಗೂ 24 ಗಂಟೆಗೊಮ್ಮೆಯೇ ಏರಿಳಿಯಿತು. ಆಗ ಅವರು ಅಳೆದದ್ದು ಮೈಬಿಸಿಯನ್ನು. ಆಮೇಲೆ ಬಂದವರು ಜನರನ್ನು ಮಂದ ಬೆಳಕಿನ ಕೋಣೆಯಲ್ಲಿ ಒರಗಿಸಿ, ನಿದ್ದೆ ಮಾಡಗೊಡದೆ, ಗಂಟೆಗೊಮ್ಮೆ ಒಂದೇ ಅಳತೆಯ ತಿಂಡಿ ಕೊಡುತ್ತ ದಿನವಿಡೀ ನಾಡಿ ಎಣಿಸಿದರು. ಓಡಾಟವಿಲ್ಲ, ನಿದ್ದೆಯಿಲ್ಲ, ಊಟದ ಏರುಪೇರಿಲ್ಲ. ಆದರೂ ನಾಡಿ ಹಗಲಿನ ಹೊತ್ತಿಗೆ ಏರಿ, ರಾತ್ರಿಯ ಹೊತ್ತಿಗೆ ಇಳಿಯಿತು. ಏರಿಳಿತ ಕೆಲವೇ ಬಡಿತಗಳದ್ದು, ಆದರೆ ಅದು ದೇಹದೊಳಗಿನ ಗಡಿಯಾರದ್ದೇ.

ಈ ಲೆಕ್ಕವನ್ನು ಅಮ್ಮನ ಮೇಲೆ ಇಟ್ಟು ನೋಡಿ. ಜೂನ್ ತಿಂಗಳ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟರು. ಹದಿನಾರು ಗಂಟೆ ಹಾರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಅಲ್ಲಿ ಅದೇ ತಾರೀಖಿನ ಸಂಜೆ ಆರು ಗಂಟೆ. ಮನೆ ಸೇರಿ, ಸಾರು ಅನ್ನ ಉಂಡು ರಾತ್ರಿ ಹತ್ತಕ್ಕೆ ಮಲಗುತ್ತಾರೆ. ಆದರೆ ಅವರ ದೇಹದಲ್ಲಿ ಆಗ ಬೆಳಿಗ್ಗೆ ಹತ್ತೂವರೆ. ಊರಿನಲ್ಲಾದರೆ ತಿಂಡಿ ಮುಗಿಸಿ, ಮಧ್ಯಾಹ್ನದ ಅಡುಗೆಗೆ ತರಕಾರಿ ಹೆಚ್ಚುವ ಹೊತ್ತು. ಕ್ಯಾಲಿಫೋರ್ನಿಯಾದ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ನಿದ್ದೆ ಅವರ ಮೈಗೆ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಆರೂವರೆಯವರೆಗಿನ ನಿದ್ದೆ. ಮೈಬಿಸಿ ಏರಿರುವ, ಎಚ್ಚರಕ್ಕೆ ಬೇಕಾದ ಹಾರ್ಮೋನುಗಳು ಹರಿದಾಡುವ, ಹೃದಯದ ಬ್ರೇಕು ಸಡಿಲವಿರುವ ಹೊತ್ತದು. ವಾಚು ಅಳೆದದ್ದು ರಾತ್ರಿಯ ನಾಡಿಯನ್ನಲ್ಲ, ಮಲಗಿರುವ ಮನುಷ್ಯರ ಹಗಲಿನ ನಾಡಿಯನ್ನು.

ಗಡಿಯಾರದ ನೇರ ಪಾಲು ಕೆಲವೇ ಬಡಿತ ಎಂದೆ. ಹನ್ನೊಂದು ಬಡಿತದ ಏರಿಕೆಯಲ್ಲಿ ಉಳಿದದ್ದು ಎಲ್ಲಿಂದ ಬಂತು? ಅದೂ ಗಡಿಯಾರದಿಂದಲೇ ಬಂತು, ಬಳಸುದಾರಿಯಲ್ಲಿ. ದೇಹಕ್ಕೆ ಹಗಲಾಗಿರುವಾಗ ಮಲಗಿದರೆ ನಿದ್ದೆ ಆಗಾಗ ಒಡೆಯುತ್ತದೆ. ರಾತ್ರಿ ಒಂದಕ್ಕೆ ಎಚ್ಚರ, ಮೂರಕ್ಕೆ ಮತ್ತೆ ಎಚ್ಚರ. ಪ್ರತಿ ಎಚ್ಚರಕ್ಕೂ ನಾಡಿ ಜಿಗಿಯುತ್ತದೆ, ಮತ್ತೆ ಇಳಿಯಲು ಹೊತ್ತು ಬೇಕು. ಒಟ್ಟು ನಿದ್ದೆ ಕಡಿಮೆಯಾದಷ್ಟೂ ಮರುದಿನ ವೇಗಸ್ ನರದ ಹಿಡಿತ ಸಡಿಲ. ಜೊತೆಗೆ ಹಸಿವೂ ಊರಿನ ಹೊತ್ತಿಗೇ ಆಗುತ್ತದೆ. ರಾತ್ರಿ ಎರಡಕ್ಕೆ ಹೊಟ್ಟೆ ಚುರುಗುಟ್ಟಿ ಅಡುಗೆಮನೆಯಲ್ಲಿ ಅವಲಕ್ಕಿ ಕಲಸಿಕೊಂಡರೆ, ಅದನ್ನು ಅರಗಿಸಲು ಹೃದಯ ಮುಂದಿನ ಒಂದೆರಡು ಗಂಟೆ ಹೆಚ್ಚು ದುಡಿಯುತ್ತದೆ. ಮಧ್ಯಾಹ್ನ ತೂಕಡಿಕೆ ತಡೆಯಲು ಕುಡಿದ ಎರಡು ಲೋಟ ಸ್ಟ್ರಾಂಗ್ ಕಾಫಿ ರಾತ್ರಿಯವರೆಗೂ ರಕ್ತದಲ್ಲಿ ಉಳಿದಿರುತ್ತದೆ. ಬಾಣಂತಿ ಮನೆಯಲ್ಲಂತೂ ಕೂಸು ಅತ್ತಾಗಲೆಲ್ಲ ಏಳಬೇಕು. ಅದನ್ನು ಜೆಟ್ ಲ್ಯಾಗಿನ ಖಾತೆಗೆ ಹಾಕುವುದು ಅನ್ಯಾಯ.

ಇನ್ನು ವಾಚಿನದೇ ಒಂದು ತಮಾಷೆ ಇದೆ. 'ರೆಸ್ಟಿಂಗ್ ಹಾರ್ಟ್ ರೇಟ್' ಎಂದು ಎಲ್ಲವೂ ಒಂದೇ ಹೆಸರಿನಲ್ಲಿ ತೋರಿಸಿದರೂ ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಬಗೆ. ಗಾರ್ಮಿನ್ ವಾಚುಗಳು 24 ಗಂಟೆಯಲ್ಲಿ ನಾಡಿ ಅತಿ ಕಡಿಮೆಯಿದ್ದ ಅರ್ಧ ಗಂಟೆಯ ಸರಾಸರಿ ತೆಗೆಯುತ್ತವೆ. ಆಪಲ್ ವಾಚು ಎಚ್ಚರವಿದ್ದೂ ಅಲುಗಾಡದೆ ಕೂತ ಹೊತ್ತಿನ ಅಳತೆಗಳನ್ನು ನೋಡುತ್ತದೆ. ಬೆರಳಿಗೆ ಹಾಕುವ ಔರಾ ಉಂಗುರ ರಾತ್ರಿಯ ನಿದ್ದೆಯನ್ನು ನೋಡುತ್ತದೆ. ಊರಿನಲ್ಲಿ ದಿನಚರಿ ಸರಿಯಾಗಿರುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಜೆಟ್ ಲ್ಯಾಗಿನಲ್ಲಿ ಅದು ಎದ್ದು ಕಾಣುತ್ತದೆ. ಎರಡನೆಯ ದಿನ ಮಧ್ಯಾಹ್ನ ಮೂರರಿಂದ ಐದರವರೆಗೆ ಅಮ್ಮ ಸೋಫಾದ ಮೇಲೆ ಸತ್ತಂತೆ ನಿದ್ದೆ ಹೋಗುತ್ತಾರೆ ಎನ್ನಿ. ಆಗ ಬೆಂಗಳೂರಿನಲ್ಲಿ ಬೆಳಗಿನ ಜಾವ ಮೂರೂವರೆಯಿಂದ ಐದೂವರೆ, ಅಂದರೆ ಆಕೆಯ ನಾಡಿ ದಿನದಲ್ಲೇ ಅತಿ ಕೆಳಗೆ ಇಳಿಯುವ ಸಮಯ. ಅತಿ ಕಡಿಮೆ ಅರ್ಧ ಗಂಟೆಯನ್ನು ಹುಡುಕುವ ವಾಚು ಆ ತೂಕಡಿಕೆಯನ್ನೇ ಹಿಡಿದು 66 ಎಂದೀತು. ರಾತ್ರಿಯನ್ನು ಮಾತ್ರ ನೋಡುವ ಉಂಗುರ 74 ಎಂದೀತು. ಎರಡೂ ಸುಳ್ಳಲ್ಲ. ಹೊರಟ ದಿನದ ಅಂಕಿಯನ್ನಂತೂ ಬಿಟ್ಟುಬಿಡುವುದೇ ಸರಿ. ತಾರೀಖು ಬದಲಾಗದೆ ಗಡಿಯಾರ ಹಿಂದಕ್ಕೆ ಸರಿದದ್ದರಿಂದ ಆ ದಿನಕ್ಕೆ ಮೂವತ್ತಾರೂವರೆ ಗಂಟೆ, ಅದರೊಳಗಿನ 'ರಾತ್ರಿ' ಕಳೆದದ್ದು ತೆಳುಗಾಳಿಯಲ್ಲಿ ಕೂತು.

ಅನುಮಾನವಿದ್ದರೆ ವಾಚು ಬಿಚ್ಚಿಟ್ಟು ಕೈಯಲ್ಲೇ ಎಣಿಸಬಹುದು. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಒತ್ತಿ, ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಅದರದೇ ಮಿಡಿತ ಸೇರಿ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಎದ್ದಾಗೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಎಣಿಸಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಮೊದಮೊದಲ ದಿನಗಳಲ್ಲಿ ಸಂಜೆಯದೇ ಕಡಿಮೆ ಇರುವ ಸಂಭವ ಹೆಚ್ಚು. ಗಡಿಯಾರ ಸರಿಹೋಗುತ್ತ ಬಂದಂತೆ ಅದು ತಿರುಗಿ, ಬೆಳಗಿನದು ಕಡಿಮೆಯಾಗುತ್ತದೆ.

ಸರಿಹೋಗಲು ಎಷ್ಟು ದಿನ ಬೇಕು? ದೇಹದ ಗಡಿಯಾರದ ಸ್ವಂತ ಸುತ್ತು 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಉದ್ದ. ಹಾಗಾಗಿ ಅದಕ್ಕೆ ಹಿಂದೆ ಬೀಳುವುದು ಸುಲಭ, ಮುಂದಕ್ಕೆ ಹಾರುವುದು ಕಷ್ಟ. ಪಶ್ಚಿಮಕ್ಕೆ ಹೋದಾಗ ದಿನಕ್ಕೆ ಸುಮಾರು ಒಂದೂವರೆ ಗಂಟೆಯಂತೆ, ಪೂರ್ವಕ್ಕೆ ಹೋದಾಗ ಒಂದು ಗಂಟೆಯಂತೆ ಅದು ಸರಿಯುತ್ತದೆ ಎಂಬುದು ಚಾಲ್ತಿಯಲ್ಲಿರುವ ಅಂದಾಜು. ಫ್ರಾಂಕ್‌ಫರ್ಟ್‌ನ ಮೂರೂವರೆ ಗಂಟೆಗೆ ಎರಡು ಮೂರು ದಿನ ಸಾಕು. ಹನ್ನೆರಡೂವರೆ ಗಂಟೆಯೆಂದರೆ ಗಡಿಯಾರದ ಪೂರ್ತಿ ಎದುರು ಬದಿ, ಎಂಟರಿಂದ ಹನ್ನೆರಡು ದಿನ ಹಿಡಿಯುತ್ತದೆ. ದೇಹದ ಬೆಳಗಿನ ಜಾವದ ತಳಕ್ಕೆ ಮುಂಚೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ, ಅದರ ನಂತರ ಬಿದ್ದದ್ದು ಮುಂದಕ್ಕೆ ತಳ್ಳುತ್ತದೆ. ನಮ್ಮ ಅಮ್ಮನಿಗೆ ಮೊದಲ ದಿನಗಳಲ್ಲಿ ಆ ತಳ ಬರುವುದು ಸಂಜೆ ನಾಲ್ಕರ ಹೊತ್ತಿಗೆ. ಆದ್ದರಿಂದ ಹನ್ನೊಂದರಿಂದ ಮೂರರವರೆಗಿನ ಬಿಸಿಲಿನಲ್ಲಿ ಒಂದು ಸುತ್ತು ನಡೆದರೆ ಗಡಿಯಾರ ಬೇಕಾದ ಕಡೆ ಸರಿಯುತ್ತದೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಎಂಟೂವರೆಯವರೆಗೂ ಬೆಳಕಿರುತ್ತದೆ. ಆ ಸಂಜೆಯ ಬಿಸಿಲು ಮಾತ್ರ ಅದನ್ನು ತದ್ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಹನ್ನೆರಡು ಗಂಟೆಯ ಜೆಟ್ ಲ್ಯಾಗ್ ಅಷ್ಟು ಗೊಂದಲದ್ದಾಗಲು ಈ ಜಗ್ಗಾಟವೂ ಒಂದು ಕಾರಣ.

ವಾಚಿನಲ್ಲಿ ನೋಡಬೇಕಾದ್ದು ಒಂದು ದಿನದ ಅಂಕಿಯನ್ನಲ್ಲ, ದಿನದಿಂದ ದಿನಕ್ಕೆ ಅದು ಇಳಿಯುವ ಬಗೆಯನ್ನು. 75, 74, 72, 71, 69, 68 ಎಂದು ಮೆಲ್ಲಗೆ, ನಡುವೆ ಒಂದೆರಡು ಬಡಿತ ಹಿಂದೆಮುಂದೆ ಆಗುತ್ತ ಇಳಿದು ಹತ್ತನೆಯ ದಿನದ ಹೊತ್ತಿಗೆ 65 ಮುಟ್ಟಿದರೆ ಅದು ಜೆಟ್ ಲ್ಯಾಗಿನದೇ ಗುರುತು. ನಾಲ್ಕನೆಯ ದಿನದವರೆಗೆ ಇಳಿಯುತ್ತಿದ್ದದ್ದು ಐದನೆಯ ದಿನ ಇದ್ದಕ್ಕಿದ್ದಂತೆ 80ಕ್ಕೆ ಹಾರಿದರೆ ಅದು ಬೇರೆ ಮಾತು. ವಿಮಾನದಲ್ಲೋ ವಲಸೆ ತಪಾಸಣೆಯ ಸಾಲಿನಲ್ಲೋ ಅಂಟಿಕೊಂಡ ನೆಗಡಿ, ಫ್ಲೂ, ಕೋವಿಡ್ ಮೈಯಲ್ಲಿ ಬೆಳೆದು ಹೊರಗೆ ಕಾಣಲು ಎರಡರಿಂದ ಐದು ದಿನ ಬೇಕು. ಎಷ್ಟೋ ಸಲ ಗಂಟಲು ಕೆರೆಯುವ ಮೊದಲೇ ನಾಡಿ ಏರಿರುತ್ತದೆ. ಮೈ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ನಾಡಿ ಹೆಚ್ಚುಕಡಿಮೆ ಹತ್ತು ಬಡಿತ ಏರುತ್ತದೆ. ಎಳೆಗೂಸಿರುವ ಮನೆಯಲ್ಲಿ ಈ ಸುಳಿವನ್ನು ಕಡೆಗಣಿಸುವುದು ಜಾಣತನವಲ್ಲ.

ನಮ್ಮ ಹಿರಿಯ ಪ್ರಯಾಣಿಕರಲ್ಲಿ ನಾಡಿ ಏರಲು ಇನ್ನೊಂದು ಕಾರಣವೂ ಇರುತ್ತದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಕೇಳುವುದಿಲ್ಲ. ಅದು ಬಿಪಿ ಮಾತ್ರೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು ನಾಡಿಯನ್ನೇ ಕೆಳಗೆ ಹಿಡಿದಿಡುವಂಥವು. ದಿನಾ ಬೆಳಿಗ್ಗೆ ಎಂಟಕ್ಕೆ ನುಂಗುವವರು ಗಡಿಯಾರ ಹನ್ನೆರಡೂವರೆ ಗಂಟೆ ಹಿಂದೆ ಸರಿದಾಗ 'ನಾಳೆ ಬೆಳಿಗ್ಗೆ ಎಂಟಕ್ಕೆ ತಗೊಂಡರಾಯ್ತು' ಎಂದು ಕಾದರೆ, ಎರಡು ಮಾತ್ರೆಗಳ ನಡುವೆ ಒಂದೂವರೆ ದಿನ ಕಳೆದಿರುತ್ತದೆ. ಮಾತ್ರೆ ಇದ್ದಕ್ಕಿದ್ದಂತೆ ನಿಂತರೆ ನಾಡಿ ಮೊದಲಿಗಿಂತಲೂ ಮೇಲೆ ಜಿಗಿಯುವುದುಂಟು. ಮಾತ್ರೆಗಳ ಡಬ್ಬಿ ಚೆಕ್-ಇನ್ ಲಗೇಜಿಗೆ ಹೋಗಿದ್ದರಂತೂ ಹೇಳುವುದೇ ಬೇಡ. ಹೊರಡುವ ಮೊದಲೇ ವೈದ್ಯರ ಬಳಿ ಪ್ರಯಾಣದ ಗಂಟೆಗಳನ್ನು ತೋರಿಸಿ, ಯಾವ ಹೊತ್ತಿಗೆ ಯಾವುದು ಎಂದು ಬರೆಸಿಕೊಂಡು, ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಕೊನೆಗೆ, ಜೆಟ್ ಲ್ಯಾಗ್ ಎಂದು ಸುಮ್ಮನಿರಬಾರದ ಸಂದರ್ಭ. ತಾಸುಗಟ್ಟಲೆ ಅಲುಗಾಡದೆ ಕೂತಾಗ ಮೀನಖಂಡದ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದರಲ್ಲಿ ನಾಲ್ಕು ಗಂಟೆ ಮೀರಿದ ಹಾರಾಟಗಳಲ್ಲಿ ಸುಮಾರು 6,000ಕ್ಕೆ ಒಂದರಲ್ಲಿ ಹೀಗಾಗುತ್ತದೆ ಎಂದು ಕಂಡುಬಂತು. ಅಪರೂಪವೇ. ಆದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ, ಮತ್ತು ಆಗಲೂ ಮೊದಲು ಕಾಣುವುದು ವೇಗದ ನಾಡಿಯೇ. ಎರಡರ ನಡುವಿನ ವ್ಯತ್ಯಾಸ ಇಷ್ಟು: ಜೆಟ್ ಲ್ಯಾಗಿನ ನಾಡಿ ನಿದ್ದೆಯಲ್ಲಿ ಎಂಟು ಹತ್ತು ಬಡಿತ ಏರಿರುತ್ತದೆ, ಮೆಟ್ಟಿಲು ಹತ್ತಿದರೆ ಉಸಿರಿಗೆ ತೊಂದರೆಯಿರುವುದಿಲ್ಲ, ಊದಿದ್ದರೆ ಎರಡೂ ಕಾಲು ಊದಿರುತ್ತವೆ. ಹೆಪ್ಪಿನಿಂದಾದರೆ ಒಂದೇ ಕಾಲು ಊದಿ ನೋಯುತ್ತದೆ, ಸುಮ್ಮನೆ ಕೂತಾಗಲೂ ನಾಡಿ ನೂರು ದಾಟಬಹುದು, ಉಸಿರು ಸಾಲದಂತಾಗುತ್ತದೆ, ಉಸಿರೆಳೆದಾಗ ಎದೆ ಚುಚ್ಚುತ್ತದೆ. ಇವೆಲ್ಲ ಒಟ್ಟಿಗೇ ಬರಬೇಕೆಂದಿಲ್ಲ. ಇಳಿದ ಮೊದಲ ವಾರದಲ್ಲಿ ಅಪಾಯ ಹೆಚ್ಚು, ಆದರೆ ಕೆಲವು ವಾರಗಳ ನಂತರವೂ ಆಗಬಹುದು. ಇಂಥ ಒಂದು ಲಕ್ಷಣ ಕಂಡರೂ ಅಮೆರಿಕದಲ್ಲಿದ್ದರೆ 911ಕ್ಕೆ, ಊರಿಗೆ ಮರಳಿದ ಮೇಲಾದರೆ 108ಕ್ಕೆ ಕರೆ ಮಾಡಬೇಕು. ತುರ್ತು ಚಿಕಿತ್ಸೆಯ ವೈದ್ಯರಿಗೆ ಬಿಪಿ, ಶುಗರಿನ ಚರಿತ್ರೆಗಿಂತ ಮೊದಲು ಹೇಳಬೇಕಾದದ್ದು ಎಷ್ಟು ಗಂಟೆ ಹಾರಿ, ಯಾವ ತಾರೀಖಿಗೆ ಇಳಿದಿರಿ ಎಂಬುದನ್ನು.